ಡಬ್ಬಿ ಮೇಲೆ ಕನ್ನಡದ ವೆಬ್ ವಿಳಾಸ: ಬಿಲ್ಲಿನಲ್ಲಿ ಬಂದ xn-- ಏನು?

> "ಜೇನು ಡಬ್ಬಿ ಮೇಲೆ ವೆಬ್‌ಸೈಟ್ ಹೆಸರು ಕನ್ನಡದಲ್ಲೇ ಇರಲಿ ಅಂತ ಡೊಮೇನ್ ತಗೊಂಡೆ. ಬಿಲ್ಲಿನಲ್ಲಿ xn-- ಅಂತ ಏನೇನೋ ಬಂದಿದೆ. ಮೋಸ ಹೋದೆನಾ?"

ಇಲ್ಲ ಅಣ್ಣ, ನಿಮಗೆ ಸರಿಯಾದದ್ದೇ ಸಿಕ್ಕಿದೆ. ಆ ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಹೋಸ್ಟಿಂಗ್‌ಗೆ ಅದರಲ್ಲಿರುವ xn-- ಹೆಸರೇ ಬೇಕು.

ನೀವು ತಗೊಂಡ ಹೆಸರು ನನಗೆ ಗೊತ್ತಿಲ್ಲ. ಉದಾಹರಣೆಗೆ "ಜೇನು.ಭಾರತ" ಅಂತಲೇ ಇಟ್ಟುಕೊಳ್ಳೋಣ. ಹೆಸರನ್ನು ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಮೊದಲಿಂದಲೂ ನಡೆಯುವುದು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಹೈಫನ್ ಅಷ್ಟೇ. ಹಾಗಾಗಿ ನೀವು ಕನ್ನಡದಲ್ಲಿ ಟೈಪ್ ಮಾಡಿದ ಕೂಡಲೇ ಬ್ರೌಸರ್ ಅದನ್ನು ಒಳಗೊಳಗೇ ಹೀಗೆ ಬದಲಿಸುತ್ತದೆ:

```
xn--uscy5ewa.xn--2scrj9c
```

ಡಿಎನ್‌ಎಸ್ ನೋಡುವುದು ಇದನ್ನು ಮಾತ್ರ. ಕೊನೆಯ `xn--2scrj9c` ಅಂದರೆ ನಮ್ಮ ".ಭಾರತ". ಅದನ್ನು ನಡೆಸುವುದು `.in` ನಡೆಸುವ ನಿಕ್ಸಿಯೇ.

ಮೇಲೆ ಒಬ್ಬರು ಇದನ್ನು "ಎನ್‌ಕ್ರಿಪ್ಷನ್" ಅಂದಿದ್ದಾರೆ. ಅದು ಅಲ್ಲ. ಓದಲು ಆಗುವುದಿಲ್ಲ ನಿಜ, ಆದರೆ ಇಲ್ಲಿ ಗುಟ್ಟು ಏನೂ ಇಲ್ಲ, ಯಾರು ಬೇಕಾದರೂ ವಾಪಸ್ ಬಿಡಿಸಬಹುದು. ಇದರ ಹೆಸರು ಪ್ಯುನಿಕೋಡ್, 2003ರಲ್ಲಿ ಬಂದ ಲೆಕ್ಕ. "ಜೇನು" ಅಂದರೆ ಕಂಪ್ಯೂಟರ್‌ಗೆ ನಾಲ್ಕು ತುಂಡು: ಜ, ಏತ್ವ, ನ, ಉಕಾರ. ಯುನಿಕೋಡ್‌ನಲ್ಲಿ ಒಂದೊಂದಕ್ಕೂ ಒಂದು ನಂಬರ್ ಇದೆ. ಪ್ಯುನಿಕೋಡ್ ಚಿಕ್ಕ ನಂಬರಿನಿಂದ ಶುರು ಮಾಡಿ, ಹಿಂದಿನದಕ್ಕಿಂತ ಎಷ್ಟು ಮುಂದೆ, ಯಾವ ಜಾಗದಲ್ಲಿ ಅಂತ ಮಾತ್ರ ಬರೆದಿಡುತ್ತದೆ. ಜ ನಂಬರ್ 3228. ಲೆಕ್ಕ ಶುರುವಾಗುವುದು 128ರಿಂದ, ಅಲ್ಲಿಂದ ದೊಡ್ಡ ನೆಗೆತ, ಅದಕ್ಕೇ `usc` ಅಂತ ಮೂರು ಅಕ್ಷರ. ಆಮೇಲೆ ನ ಹತ್ತಿರದಲ್ಲೇ ಇದೆ, `y` ಒಂದೇ ಸಾಕು. ಉಕಾರಕ್ಕೆ `5e`, ಏತ್ವಕ್ಕೆ `wa`. ಅಷ್ಟೇ ಕತೆ.

ಪರೀಕ್ಷೆ ಮಾಡಬೇಕಾದರೆ ಪೈಥಾನ್ ಇರುವ ಕಂಪ್ಯೂಟರ್‌ನಲ್ಲಿ:

```
python3 -c "print('ಜೇನು'.encode('idna'))"
```

ನಿಮ್ಮ ಡೊಮೇನ್ ಹೆಸರು ಹಾಕಿ ನೋಡಿ, ಬಿಲ್ಲಿನದಕ್ಕೆ ತಾಳೆಯಾಗಬೇಕು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ನಮ್ಮ ಡೊಮೇನ್ ಹೆಸರಿನಲ್ಲಿ "ಸಂ" ಇದೆ. ಸ್ಟಿಕ್ಕರ್ ಮಾಡಿದ ಪ್ರೆಸ್‌ನವರು ಸೊನ್ನೆ ಬರುವ ಕಡೆ ಕನ್ನಡದ ಅಂಕಿ ಸೊನ್ನೆ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ಆದರೆ ಅನುಸ್ವಾರ U+0C82, ಅಂಕಿ ಸೊನ್ನೆ U+0CE6. ನಂಬರ್ ಬೇರೆ ಆದರೆ ಪ್ಯುನಿಕೋಡ್ ಬೇರೆ, ಅಂದರೆ ಬೇರೆಯದೇ ವಿಳಾಸ. ಸ್ಟಿಕ್ಕರ್ ಎಲ್ಲ ಅಂಟಿಸಿದ ಮೇಲೆ ಕ್ಯೂಆರ್ ಸ್ಕ್ಯಾನ್ ಮಾಡಿದರೆ "ಸೈಟ್ ಸಿಗಲಿಲ್ಲ". ಎರಡು ದಿನ ಸರ್ವರ್ ಮೇಲೇ ಅನುಮಾನ ಪಟ್ಟೆ. ಈಗ ಕ್ಯೂಆರ್‌ಗೆ `xn--` ರೂಪವನ್ನೇ ಕೊಡುತ್ತೇನೆ, ಕನ್ನಡ ಹೆಸರು ಕೆಳಗೆ ಓದುವುದಕ್ಕೆ.

ಇನ್ನೊಂದು, "ಮಲ್ನಾಡ್‌ಜೇನು" ತರಹದ ಹೆಸರು ಬೇಡ. ಡ್ ಮತ್ತು ಜೇ ಒತ್ತಾಗದಂತೆ ಬಿಡಿಸುವುದಕ್ಕೆ ಅಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಕೆಲವು ಸಾಫ್ಟ್‌ವೇರ್ ಅದನ್ನು ಉಳಿಸಿಕೊಳ್ಳುತ್ತವೆ, ಕೆಲವು ಬಿಸಾಕುತ್ತವೆ. ಮೇಲಿನ ಪೈಥಾನ್ ಕಮಾಂಡ್ ಕೂಡ ಬಿಸಾಕುವ ಜಾತಿಯದು, ಹಾಗಾಗಿ ಅಂಥ ಹೆಸರಿಗೆ ಅದನ್ನು ನಂಬಬೇಡಿ. "ಮಲೆನಾಡುಜೇನು" ಅಂತ ಪೂರ್ತಿ ಬರೆದರೆ ತಂಟೆಯೇ ಇಲ್ಲ.

ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಕನ್ನಡ ಹಾಕಿದರೆ ಎಷ್ಟೋ ಕಡೆ "ತಪ್ಪು ಡೊಮೇನ್" ಅಂತ ಬರುತ್ತದೆ. ಅಲ್ಲಿ `xn--` ರೂಪ ಅಂಟಿಸಿ. ಸರ್ಟಿಫಿಕೇಟ್‌ಗೂ ಅದೇ:

```
certbot --nginx -d xn--uscy5ewa.xn--2scrj9c
```

ಶಿರಸಿ ಅಕ್ಕ, ನೀವು ಕೇಳಿದ್ದು ಕನ್ನಡದಲ್ಲಿ ಇಮೇಲ್ ವಿಳಾಸ ಇಟ್ಟುಕೊಳ್ಳುವ ವಿಷಯ, ಅದು ಬೇರೆ ಹಾಡು. ಡೊಮೇನ್ ಭಾಗವನ್ನು ಪ್ಯುನಿಕೋಡ್ ಸಂಭಾಳಿಸುತ್ತದೆ. @ ಗುರುತಿಗೆ ಮೊದಲು ಬರುವ ಹೆಸರೂ ಕನ್ನಡದಲ್ಲಿದ್ದರೆ ಕಳಿಸುವವರ ಸರ್ವರ್, ನಿಮ್ಮ ಸರ್ವರ್ ಎರಡೂ ಅದಕ್ಕೆ ತಯಾರಿರಬೇಕು. ಬ್ಯಾಂಕ್, ಸರಕಾರಿ ಫಾರಂಗಳಿಗೆ ಸದ್ಯಕ್ಕೆ ಇಂಗ್ಲಿಷ್ ಇಮೇಲ್ ಇಟ್ಟುಕೊಳ್ಳಿ.

"ಜೇನು.com ಸಾಕಲ್ವಾ" ಅಂದವರಿಗೆ: ಅದೂ ಆಗುತ್ತದೆ. ಆದರೆ ಗಿರಾಕಿ ಮೊಬೈಲ್‌ನಲ್ಲಿ ಕನ್ನಡ ಕೀಬೋರ್ಡ್‌ನಿಂದ ಇಂಗ್ಲಿಷ್‌ಗೆ ನಡುವೆ ಬದಲಾಯಿಸಬೇಕು. ನಮ್ಮಪ್ಪನಿಗೆ ಅಲ್ಲೇ ಬೇಜಾರಾಗುತ್ತದೆ.

ಅಣ್ಣ, ಸ್ಟಿಕ್ಕರ್ ಪ್ರಿಂಟ್‌ಗೆ ಕೊಡುವ ಮೊದಲು ಪ್ರೆಸ್‌ನವರ ಫೈಲ್‌ನಿಂದಲೇ ಹೆಸರು ಕಾಪಿ ಮಾಡಿ ಒಮ್ಮೆ ತೆರೆದು ನೋಡಿ. ತೆರೆಯದಿದ್ದರೆ ಆ ಹೆಸರನ್ನು ಇಲ್ಲಿ ಅಂಟಿಸಿ, ಯಾವ ಅಕ್ಷರ ತಪ್ಪಿದೆ ಅಂತ ನೋಡೋಣ.