ಕುವೈತ್‌ನಿಂದ ಮುಲುಂಡ್‌ಗೆ ಬಂದವರು, ಎನ್‌ಆರ್‌ಐ ಆಗಿಯೇ ಉಳಿದ ಖಾತೆ

ಅವರನ್ನು ಇಲ್ಲಿ ಸದಾನಂದ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಹೆಸರು, ಮೊತ್ತ, ಕೆಲವು ವಿವರ ಬದಲಿಸಿದ್ದೇನೆ. ಉಡುಪಿ ಕಡೆಯವರು. ಕುವೈತ್‌ನಲ್ಲಿ 16 ವರ್ಷ ಕೆಲಸ ಮಾಡಿ, 2024ರ ಜುಲೈ 10ರಂದು ಮುಂಬೈಗೆ ಕಾಯಂ ಆಗಿ ಬಂದರು. ಮುಲುಂಡ್‌ನಲ್ಲಿ ಸ್ವಂತ ಫ್ಲ್ಯಾಟ್. ತಿಂಗಳೊಳಗೆ ಭಿವಂಡಿಯ ಒಂದು ಗೋದಾಮಿನಲ್ಲಿ ಕೆಲಸವೂ ಸಿಕ್ಕಿತು. ನನ್ನ ಹತ್ತಿರ ಬಂದದ್ದು ಮುಂದಿನ ವರ್ಷ ಜೂನ್‌ನಲ್ಲಿ, ರಿಟರ್ನ್ ಹಾಕುವ ಮೊದಲು.

"ಮೇಡಂ, ಎನ್‌ಆರ್‌ಇ ಡೆಪಾಸಿಟ್‌ಗೆ ಟ್ಯಾಕ್ಸ್ ಇಲ್ಲ ಅಲ್ವಾ? ಬ್ಯಾಂಕಿನವರು ಒಂದು ರೂಪಾಯಿ ಕೂಡ ಕಡಿತ ಮಾಡಿಲ್ಲ" ಎಂದರು. ಎನ್‌ಆರ್‌ಇ ಎಂದರೆ ಎನ್‌ಆರ್‌ಐಗಳು ಹೊರಗಿನ ಗಳಿಕೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಖಾತೆ. ಜೊತೆಗೆ ಬಂದಿದ್ದ ಹೆಂಡತಿ ಮಾತ್ರ ಸುಮ್ಮನೆ ಕೂತಿದ್ದರು, ಅವರ ಚಿಂತೆ ಬೇರೆ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ವಾಪಸ್ ಬಂದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. "ನಾನು ಈಗ ಎನ್‌ಆರ್‌ಐ ಹೌದೋ ಅಲ್ಲವೋ" ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಕಾನೂನು ಎರಡು ಬೇರೆ ಉತ್ತರ ಕೊಡುತ್ತವೆ. ಬ್ಯಾಂಕ್ ಖಾತೆ ನಡೆಯುವುದು ವಿದೇಶಿ ವಿನಿಮಯದ ಕಾನೂನು, ಅಂದರೆ ಫೆಮಾ ಪ್ರಕಾರ. ಅಲ್ಲಿ ದಿನ ಎಣಿಸುತ್ತಾ ಕೂರುವುದಿಲ್ಲ. ಕೆಲಸಕ್ಕೋ, ವ್ಯಾಪಾರಕ್ಕೋ, ಇಲ್ಲೇ ಇರುವ ಉದ್ದೇಶಕ್ಕೋ ಬಂದರೆ ಬಂದ ದಿನದಿಂದಲೇ ನೀವು ನಿವಾಸಿ. ಆದಾಯ ತೆರಿಗೆ ಕಾನೂನು ಮಾತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನೀವು ಭಾರತದಲ್ಲಿದ್ದ ದಿನಗಳನ್ನು ಎಣಿಸುತ್ತದೆ. ಇನ್ನು ಎನ್‌ಆರ್‌ಇ ಬಡ್ಡಿಯ ವಿನಾಯಿತಿ ಬರೆದಿರುವುದು ತೆರಿಗೆ ಕಾನೂನಿನಲ್ಲೇ ಆದರೂ, ಅದು ಯಾರಿಗೆ ಎಂಬುದನ್ನು ನೋಡುವುದು ಫೆಮಾ ಪ್ರಕಾರ. ಹಾಗಾಗಿ ಸದಾನಂದರ ವಿನಾಯಿತಿ ಜುಲೈ 10ಕ್ಕೇ ಮುಗಿದಿತ್ತು. ಬ್ಯಾಂಕ್ ಕಡಿತ ಮಾಡಲಿಲ್ಲ, ಯಾಕೆಂದರೆ ಇವರು ವಾಪಸ್ ಬಂದದ್ದು ಬ್ಯಾಂಕಿಗೆ ಗೊತ್ತೇ ಇರಲಿಲ್ಲ. ತಿಳಿಸಬೇಕಾದವರು ಖಾತೆದಾರರೇ.

ಲೆಕ್ಕ ಹಾಕಿದೆವು. ಡೆಪಾಸಿಟ್ 40 ಲಕ್ಷ, ಬಡ್ಡಿ ಶೇ. 7. ಜುಲೈ 10ರಿಂದ ಮಾರ್ಚ್ 31ರವರೆಗೆ 265 ದಿನ, ಅಂದರೆ ಸುಮಾರು 2.03 ಲಕ್ಷ ಬಡ್ಡಿ. ಆ ವರ್ಷ ಇಲ್ಲಿ ಬಂದ ಸಂಬಳ 9 ಲಕ್ಷ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಈ ಬಡ್ಡಿ ಸೇರಿದರೆ ಹೆಚ್ಚಾಗುವ ತೆರಿಗೆ ಸುಮಾರು 22,500 ರೂಪಾಯಿ. ಮುಂಗಡ ತೆರಿಗೆ ಕಟ್ಟದ್ದಕ್ಕೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಬೇರೆ. ದೊಡ್ಡ ಹೊಡೆತ ಏನಲ್ಲ, ಆದರೆ ಇದನ್ನು "ವಿನಾಯಿತಿ ಆದಾಯ" ಎಂದು ತೋರಿಸಿ ರಿಟರ್ನ್ ಹಾಕಿದ್ದರೆ ಮುಂದೆ ನೋಟಿಸ್ ಬಂದಾಗ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು.

ಬ್ಯಾಂಕಿನಲ್ಲಿ ಏನು ಮಾಡಬೇಕೆಂದು ಅವರಿಗೆ ಹೇಳಿದೆ: ಕೊನೆಯ ಬಾರಿ ಬಂದಿಳಿದ ಮುದ್ರೆ ಇರುವ ಪಾಸ್‌ಪೋರ್ಟ್ ಪುಟ, ವೀಸಾ ರದ್ದಾದ ಕಾಗದ, ಪ್ಯಾನ್, ಆಧಾರ್ ತೆಗೆದುಕೊಂಡು ಹೋಗಿ, ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಲು ಲಿಖಿತ ಅರ್ಜಿ ಕೊಡಿ, ಅದರಲ್ಲಿ ವಾಪಸ್ ಬಂದ ತಾರೀಕು ಬರೆಯಿರಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಡೆಪಾಸಿಟ್ ಮುರಿಯಬೇಕಾಗಿಲ್ಲ. ಮೊದಲು ಒಪ್ಪಿದ ಬಡ್ಡಿ ದರದಲ್ಲೇ ಅವಧಿ ಮುಗಿಯುವವರೆಗೆ ನಡೆಯುತ್ತದೆ, ಹೆಸರು ಮಾತ್ರ ಬದಲಾಗುತ್ತದೆ. ಹೊಸದಾಗಿ ಎನ್‌ಆರ್‌ಇ ಡೆಪಾಸಿಟ್ ಮಾತ್ರ ಮಾಡಬೇಡಿ. ಮಗಳನ್ನು ಜರ್ಮನಿಗೆ ಓದಲು ಕಳಿಸುವ ಯೋಚನೆ ಅವರಿಗಿತ್ತು. ಅದಕ್ಕೆ ಬೇಕಾಗುವ ಭಾಗವನ್ನು ಆರ್‌ಎಫ್‌ಸಿ ಖಾತೆಗೆ ಹಾಕಿ ಎಂದೆ. ವಾಪಸ್ ಬಂದವರಿಗಾಗಿಯೇ ಇರುವ ಆ ಖಾತೆಯಲ್ಲಿ ಹಣ ವಿದೇಶಿ ಕರೆನ್ಸಿಯಲ್ಲೇ ಉಳಿಯುತ್ತದೆ, ಹೊರಗೆ ಕಳಿಸುವುದೂ ಸುಲಭ.

ಇನ್ನು ಅವರಿಗೆ ಅನುಕೂಲವಾಗಿದ್ದ ಭಾಗ. ಆ ವರ್ಷ ಅವರು 182 ದಿನಕ್ಕಿಂತ ಜಾಸ್ತಿ ಇಲ್ಲಿದ್ದರು, ಹಾಗಾಗಿ ತೆರಿಗೆಗೂ ನಿವಾಸಿಯೇ. ಆದರೆ ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇಲ್ಲಿರದವರಿಗೆ, ನಡುವಿನ ಒಂದು ಸ್ಥಾನ ಸಿಗುತ್ತದೆ. ಅದೇ ಆರ್‌ಎನ್‌ಒಆರ್. ಆ ಸ್ಥಾನ ಇರುವಷ್ಟು ಕಾಲ ಹೊರದೇಶದಲ್ಲಿ ಹುಟ್ಟಿ ಅಲ್ಲೇ ಕೈಸೇರಿದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಏಪ್ರಿಲ್‌ನಿಂದ ಜುಲೈವರೆಗಿನ ಕುವೈತ್ ಸಂಬಳ, ಸರ್ವಿಸ್ ಮುಗಿದಾಗ ಬಂದ ಹಣ ಎರಡೂ ಮೊದಲು ಅಲ್ಲಿನ ಖಾತೆಗೆ ಬಿದ್ದು ಆಮೇಲೆ ಇಲ್ಲಿಗೆ ಬಂದಿದ್ದವು. ಇದು ಒಳ್ಳೆಯದಾಯಿತು. ಕಂಪನಿಯವರು ನೇರವಾಗಿ ಮುಂಬೈ ಖಾತೆಗೇ ಕಳಿಸಿದ್ದರೆ "ಭಾರತದಲ್ಲಿ ಸ್ವೀಕರಿಸಿದ ಆದಾಯ" ಆಗಿ ತೆರಿಗೆ ಬೀಳುವ ಸಾಧ್ಯತೆ ಇತ್ತು. ಹೊರಡುವ ಮೊದಲೇ ಅಲ್ಲಿನ ಖಾತೆ ಮುಚ್ಚಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಮೊದಲ ಎರಡು ವರ್ಷ ಆರ್‌ಎನ್‌ಒಆರ್ ಎನ್ನುವುದರಲ್ಲಿ ಸಂಶಯ ಇರಲಿಲ್ಲ. ಮೂರನೆಯ ವರ್ಷವೂ, ಅಂದರೆ 2026-27ರಲ್ಲೂ, ಅದು ಬೇಕಾಗಿತ್ತು. ಎನ್‌ಆರ್‌ಐಗಳು ವಿದೇಶಿ ಕರೆನ್ಸಿಯಲ್ಲೇ ಇಡುವ ಎಫ್‌ಸಿಎನ್‌ಆರ್ ಡೆಪಾಸಿಟ್ ಒಂದು ಅವರ ಹೆಸರಲ್ಲಿ ಡಾಲರ್‌ನಲ್ಲಿತ್ತು, ಅದು 2026ರ ಸೆಪ್ಟೆಂಬರ್‌ಗೆ ಮುಗಿಯುವುದಿತ್ತು. ಇದು ಎನ್‌ಆರ್‌ಇಯ ಹಾಗಲ್ಲ, ಖಾತೆ ಬದಲಿಸದೆ ಅವಧಿ ಮುಗಿಯುವವರೆಗೆ ಹಾಗೇ ಇಡಬಹುದು, ಆರ್‌ಎನ್‌ಒಆರ್ ಇರುವವರೆಗೆ ಬಡ್ಡಿಗೂ ತೆರಿಗೆ ಇಲ್ಲ. ಮೂರನೆಯ ವರ್ಷಕ್ಕೆ 10 ವರ್ಷದ ಲೆಕ್ಕ ಸಾಲುವುದಿಲ್ಲ, 7 ವರ್ಷದ 729 ದಿನದ ಲೆಕ್ಕವೇ ಗತಿ. ಹಳೆಯ ಪಾಸ್‌ಪೋರ್ಟ್ ತರಿಸಿದೆ. ಮೇಜಿನ ಮೇಲೆ ಇಟ್ಟುಕೊಂಡು, ಮಸುಕಾದ ಮುದ್ರೆಗಳನ್ನು ಬೆಳಕಿಗೆ ಹಿಡಿದು, ಬಂದ ದಿನ ಹೋದ ದಿನ ಎರಡನ್ನೂ ಸೇರಿಸಿ ಎಣಿಸಿದೆವು. 2019-20ರಲ್ಲಿ 28 ದಿನ, ಕೊರೊನಾ ವರ್ಷ ಬರಲೇ ಇಲ್ಲ, ಆಮೇಲೆ 24, 21, 20. ಒಟ್ಟು 93. ಅದಕ್ಕೆ ಮೊದಲ ವರ್ಷದ 265, ಎರಡನೆಯ ವರ್ಷದ 365 ಸೇರಿಸಿದರೆ 723. ಆರು ದಿನದ ಅಂತರದಲ್ಲಿ ಪಾಸು. ಯಾವುದೋ ಒಂದು ರಜೆಯಲ್ಲಿ ಊರಿನ ಮದುವೆಗೆಂದು ಇನ್ನೊಂದು ವಾರ ಉಳಿದಿದ್ದರೆ ಈ ವರ್ಷ ಕೈತಪ್ಪುತ್ತಿತ್ತು. 2027-28ರಿಂದ ಅವರು ಪೂರ್ಣ ನಿವಾಸಿ. ಆಗ ಕುವೈತ್ ಖಾತೆಯ ಬಡ್ಡಿಗೂ ಇಲ್ಲಿ ತೆರಿಗೆ, ಖಾತೆಯ ವಿವರವನ್ನು ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಕೊಡಲೇಬೇಕು. ಆ ಪಟ್ಟಿಗೆ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗಿನದು, ಮರೆಯಬೇಡಿ.

ಇನ್ನೂ ಹೊರಡದವರಿಗೆ ಒಂದು ಮಾತು. ರಜೆಗೆಂದು ಬಂದು ಹೋಗುವವರು, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿರದವರು, ಅಕ್ಟೋಬರ್ 2 ಅಥವಾ ಆಮೇಲೆ ಬಂದಿಳಿದರೆ ಆ ವರ್ಷದ ದಿನಗಳು 182 ಮುಟ್ಟುವುದಿಲ್ಲ (ಫೆಬ್ರವರಿಗೆ 29 ದಿನ ಇರುವ ವರ್ಷ ಒಂದು ದಿನ ತಡವಾಗಿ ಬನ್ನಿ), ತೆರಿಗೆಗೆ ಸಾಮಾನ್ಯವಾಗಿ ಆ ವರ್ಷ ಪೂರ್ತಿ ಅನಿವಾಸಿ. ಅದೇ ವರ್ಷ ಬೇಸಿಗೆಯಲ್ಲಿ ಬಂದು ಹೋಗಿದ್ದರೆ ಆ ದಿನಗಳೂ ಸೇರುತ್ತವೆ.

ಕೊನೆಗೆ ಹೆಂಡತಿ ಬಾಯಿ ಬಿಟ್ಟರು. ಅವರಿಗೆ ಶುಗರ್. ಕುವೈತ್‌ನಲ್ಲಿ ಕಂಪನಿಯ ವಿಮೆ ಇತ್ತು, ವೀಸಾ ರದ್ದಾದ ದಿನ ಅದೂ ಹೋಯಿತು. ಇಲ್ಲಿ ಆರೋಗ್ಯ ವಿಮೆ ಮಾಡಿಸಲು ಬಂದ ಏಜೆಂಟ್ "ಶುಗರ್ ಅಂತ ಬರೆಯಬೇಡಿ" ಎಂದಿದ್ದನಂತೆ. ನನಗೆ ನಿಜವಾಗಿ ಸಿಟ್ಟು ಬಂತು. ಬರೆದರೆ ಮೊದಲೇ ಇರುವ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕು, ಅಷ್ಟೇ. ಮುಚ್ಚಿಟ್ಟರೆ ಆಸ್ಪತ್ರೆಯ ಹಳೆಯ ಚೀಟಿ ಒಂದು ಸಾಕು, ಕ್ಲೇಮ್ ತಿರಸ್ಕರಿಸಿ ಪಾಲಿಸಿಯನ್ನೇ ರದ್ದು ಮಾಡಬಹುದು. ಎಲ್ಲ ಬರೆದು ಅರ್ಜಿ ಕೊಡಿ, ಆ ಮೂರು ವರ್ಷಕ್ಕೆಂದು ಸ್ವಲ್ಪ ಹಣ ಬೇರೆ ಎತ್ತಿಡಿ ಎಂದೆ. ಹೊರಗಿರುವಾಗಲೇ ಇಲ್ಲಿನ ಪಾಲಿಸಿ ಮಾಡಿಸಿದ್ದರೆ ಆ ಕಾಯುವ ಅವಧಿ ಅಲ್ಲೇ ಕಳೆದಿರುತ್ತಿತ್ತು. ವಾಪಸ್ ಬರುವ ಯೋಚನೆ ಇರುವವರು ಎರಡು ಮೂರು ವರ್ಷ ಮೊದಲೇ ಮಾಡಿಸಿಕೊಳ್ಳಿ.

ಸದಾನಂದರ ಜೀವವಿಮೆ ಕಂತು ಎನ್‌ಆರ್‌ಇ ಖಾತೆಯಿಂದ ತಾನೇ ಕಡಿತವಾಗುತ್ತಿತ್ತು. ಖಾತೆ ಬದಲಾದಾಗ ಆ ಆದೇಶ ನಿಂತುಹೋಗಬಹುದು, ತಿಂಗಳ ಕಂತು ತಡವಾದರೆ ಕಟ್ಟಲು ಇರುವ ಕಾಲಾವಕಾಶ 15 ದಿನ ಮಾತ್ರ. ಬ್ಯಾಂಕಿಗೆ ಅರ್ಜಿ ಕೊಡುವ ದಿನವೇ ವಿಮಾ ಕಚೇರಿಗೂ ಹೋಗಿ ಹೊಸ ಖಾತೆ, ಮುಲುಂಡ್ ವಿಳಾಸ, ನಿವಾಸಿ ಎಂಬ ಘೋಷಣೆ ಮೂರನ್ನೂ ಕೊಟ್ಟು ಬನ್ನಿ ಎಂದು ಬರೆದುಕೊಟ್ಟೆ.