ಕಿವಿ ಕೇಳದ ಮಗು ಮತ್ತು ಭಾಷೆಯ ವಯಸ್ಸು

ಓದುಗರ ಪ್ರಶ್ನೆಗೆ ವಾಕ್-ಶ್ರವಣ ತಜ್ಞೆಯ ಉತ್ತರ, ಹಾಸನ

ಮಗಳಿಗೆ ಏಳು ವರ್ಷ. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಶ್ರವಣ ಸಾಧನ ಹಾಕಿದರೂ ಮಾತು ಬಂದಿಲ್ಲ. ಭಾಷೆ ಕಲಿಯುವ ವಯಸ್ಸು ಮುಗಿಯಿತು ಎನ್ನುತ್ತಾರೆ. ಅಮೆರಿಕದ ಜೀನಿ ಎಂಬ ಹುಡುಗಿಯ ವಿಡಿಯೊ ನೋಡಿ ನಿದ್ದೆ ಬರುತ್ತಿಲ್ಲ. ಸಂಜ್ಞೆ ಕಲಿಸಿದರೆ ಮಾತು ಬರುವುದೇ ಇಲ್ಲವಂತೆ, ನಿಜವೇ? – ತಾಯಿ, ಸಕಲೇಶಪುರ

ಜೀನಿಯನ್ನು ಮೊದಲು ಪಕ್ಕಕ್ಕಿಡಿ. 1970ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪತ್ತೆಯಾದಾಗ ಅವಳಿಗೆ 13 ವರ್ಷ. ತಂದೆ ಅವಳನ್ನು ಕೋಣೆಯಲ್ಲಿ ಕೂಡಿಹಾಕಿ, ಕುರ್ಚಿಗೆ ಕಟ್ಟಿ, ಸದ್ದು ಮಾಡಿದರೆ ಹೊಡೆದು ಬೆಳೆಸಿದ್ದ. ಹೊರಬಂದ ಮೇಲೆ ಬೇಕಾದಷ್ಟು ಪದಗಳನ್ನು ಕಲಿತಳು; ವ್ಯಾಕರಣ ಮಾತ್ರ ಹತ್ತಲಿಲ್ಲ. ಅದು ಭಾಷೆ ಸಿಗದ್ದರಿಂದಲೋ, ಹಿಂಸೆಯಿಂದಲೋ, ಮೊದಲೇ ಇದ್ದ ಬೌದ್ಧಿಕ ತೊಂದರೆಯಿಂದಲೋ ಎಂದು ಬಿಡಿಸಿ ಹೇಳಲು ಯಾರಿಗೂ ಆಗಿಲ್ಲ. ಅಂಥ ಒಬ್ಬಳ ಮೇಲೆ ಸಿದ್ಧಾಂತ ಕಟ್ಟುವುದೇ ತಪ್ಪು. ಮುದ್ದಿನಿಂದ ಬೆಳೆದ ನಿಮ್ಮ ಮಗಳನ್ನು ಅವಳಿಗೆ ಹೋಲಿಸುವುದು ಇನ್ನೂ ದೊಡ್ಡ ತಪ್ಪು.

ಎರಡನೇ ವರ್ಷದಿಂದ ಹರೆಯದವರೆಗೆ ಮಾತ್ರ ಮೊದಲ ಭಾಷೆ ಸಹಜವಾಗಿ ಬರುತ್ತದೆ ಎಂದು 1967ರಲ್ಲಿ ವಾದಿಸಿದವರು ಭಾಷಾ ವಿಜ್ಞಾನಿ ಎರಿಕ್ ಲೆನೆಬರ್ಗ್. ಭಾಷೆ ಮೆದುಳಿನ ಎಡಭಾಗದಲ್ಲಿ ನೆಲೆಗೊಳ್ಳುವುದು ಹರೆಯಕ್ಕೆ ಮುಗಿಯುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅದು ಎಷ್ಟೋ ಮೊದಲೇ ನೆಲೆಗೊಳ್ಳುತ್ತದೆ ಎಂದು ಆಮೇಲಿನವರು ತೋರಿಸಿದ್ದರಿಂದ ಆ ಕಾರಣ ಬಿದ್ದುಹೋಯಿತು. ವಯಸ್ಸಿಗೆ ಬೆಲೆಯಿದೆ ಎಂಬ ಮಾತು ಮಾತ್ರ ಉಳಿಯಿತು. ಅದಕ್ಕೆ ಗಟ್ಟಿ ಪುರಾವೆ ಕೊಟ್ಟವರು ನಿಮ್ಮ ಮಗಳಂಥ ಕಿವುಡರೇ.

ಅಮೆರಿಕದ ಭಾಷಾ ಸಂಶೋಧಕಿ ಎಲಿಸ್ಸಾ ನ್ಯೂಪೋರ್ಟ್ ಮೂರು ಗುಂಪಿನ ಕಿವುಡರನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಸಂಜ್ಞಾ ಭಾಷೆ ಹುಟ್ಟಿನಿಂದ ಸಿಕ್ಕಿತ್ತು, ಇನ್ನೊಂದಕ್ಕೆ 4ರಿಂದ 6ರೊಳಗೆ, ಮೂರನೆಯದಕ್ಕೆ 12 ದಾಟಿದ ಮೇಲೆ. ಎಲ್ಲರೂ ಅದನ್ನು 30 ವರ್ಷಕ್ಕೂ ಹೆಚ್ಚು ಕಾಲ ದಿನವೂ ಬಳಸಿದವರು. ಅಭ್ಯಾಸ ಸಾಲದು ಎನ್ನುವಂತಿರಲಿಲ್ಲ. ಪದಗಳ ಕ್ರಮದಲ್ಲಿ ಮೂರೂ ಗುಂಪು ಸಮ. ಕ್ರಿಯಾಪದದೊಳಗಿನ ಸೂಕ್ಷ್ಮ ಬದಲಾವಣೆಗಳಲ್ಲಿ ಮಾತ್ರ, ಶುರು ತಡವಾದಷ್ಟೂ ತಪ್ಪು ಹೆಚ್ಚು. ಗಮನಿಸಿ, ನಾಲ್ಕರಿಂದ ಆರರೊಳಗೆ ಕಲಿತವರು ನಡುವೆ ನಿಂತರು. ಒಂದು ಹುಟ್ಟುಹಬ್ಬದಂದು ಥಟ್ಟನೆ ಮುಚ್ಚುವ ಬಾಗಿಲು ಅಲ್ಲಿ ಕಾಣಲಿಲ್ಲ. ಹೂಮಳೆ ತಡವಾದರೆ ಕಾಫಿಯ ಫಸಲು ಇಳಿಯುತ್ತದೆ, ತೋಟವನ್ನು ಯಾರೂ ಕಿತ್ತು ಹಾಕುವುದಿಲ್ಲ.

ಕಲಿಕೆಯ ಶಕ್ತಿಯೇ ವಯಸ್ಸಿನೊಂದಿಗೆ ಕುಂದುತ್ತದೆ, ಇದರಲ್ಲಿ ಭಾಷೆಯ ವಿಶೇಷವೇನು ಎಂಬ ಆಕ್ಷೇಪಣೆ ಇದೆ. ಅದಕ್ಕೆ ಇನ್ನೊಬ್ಬ ಸಂಶೋಧಕಿ ರೇಚಲ್ ಮೇಬೆರಿಯ ಹೋಲಿಕೆಯನ್ನು ನೋಡಿ. ಎರಡು ಗುಂಪೂ ಸಂಜ್ಞಾ ಭಾಷೆಯನ್ನು ಕಲಿಯತೊಡಗಿದ್ದು ಬಹುತೇಕ ಒಂದೇ ವಯಸ್ಸಿನಲ್ಲಿ, ಬಾಲ್ಯದ ಕೊನೆಯ ಹೊತ್ತಿಗೆ. ಒಂದು ಗುಂಪು ಹುಟ್ಟು ಕಿವುಡರು, ಅದುವರೆಗೆ ಯಾವ ಭಾಷೆಯೂ ಸರಿಯಾಗಿ ಸಿಗದವರು. ಇನ್ನೊಂದು ಗುಂಪು ಬಾಲ್ಯದಲ್ಲಿ ಇಂಗ್ಲಿಷ್ ಮಾತನಾಡಿ, ಆಮೇಲೆ ಕಿವಿ ಕಳೆದುಕೊಂಡವರು. ಸಂಜ್ಞೆಯ ವಾಕ್ಯಗಳನ್ನು ನೋಡಿ ಹಾಗೆಯೇ ಮರುಹೇಳುವ ಪರೀಕ್ಷೆಯಲ್ಲಿ ಎರಡನೆಯವರು ಸ್ಪಷ್ಟವಾಗಿ ಮುಂದಿದ್ದರು. ವಯಸ್ಸು ಒಂದೇ ಆದ್ದರಿಂದ ವ್ಯತ್ಯಾಸ ಬಂದದ್ದು ಬಾಲ್ಯದಲ್ಲಿ ಒಂದು ಭಾಷೆ ಇತ್ತೇ ಇಲ್ಲವೇ ಎಂಬುದರಿಂದ. ಅದು ಕಿವಿಯಿಂದ ಬಂದದ್ದೋ ಕಣ್ಣಿನಿಂದಲೋ ಎಂಬುದು ಮುಖ್ಯವಾಗಲಿಲ್ಲ.

ಸಂಜ್ಞೆಗೆ ಹೆದರಿ ನೀವು ಕಳೆದ ವರ್ಷಗಳೇ ನನಗೆ ಸಿಟ್ಟು ತರಿಸುವುದು. ಸಂಜ್ಞೆ ಮಾತನ್ನು ಕೆಡಿಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಶಬ್ದದ ಕಥೆ ಬೇರೆ: ಹುಟ್ಟು ಕಿವುಡ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಸಾಧನ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಮೂರೂವರೆ ವರ್ಷದೊಳಗೆ ಆದರೆ ಶಬ್ದಕ್ಕೆ ಮೆದುಳಿನ ಪ್ರತಿಕ್ರಿಯೆ ಬಹುಪಾಲು ಸಹಜವಾಗುತ್ತದೆ, ಏಳರ ನಂತರ ಹಾಗಾಗುವುದು ಅಪರೂಪ. ಆದ್ದರಿಂದ ‘ಈಗ ಶಸ್ತ್ರಚಿಕಿತ್ಸೆ ಮಾಡಿಸಿ, ಆರು ತಿಂಗಳಲ್ಲಿ ಮಾತು ಬರುತ್ತದೆ’ ಎನ್ನುವವರಿಗೆ ಹಣ ಕೊಡಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು, ಶ್ರವಣ ಸಾಧನದಿಂದ ಅವಳಿಗೆ ನಿಜಕ್ಕೂ ಎಷ್ಟು ಕೇಳುತ್ತಿದೆ ಎಂದು ಅಳೆಸಿ. ವರದಿಗೆ ಕಾಯದೆ ಭಾರತೀಯ ಸಂಜ್ಞಾ ಭಾಷೆಯನ್ನು ಶುರು ಮಾಡಿ. ವಾರಕ್ಕೊಂದು ತರಗತಿ ಸಾಲದು. ಅದನ್ನು ಸರಾಗವಾಗಿ ಆಡುವ ಕಿವುಡರ ನಡುವೆ ಅವಳು ದಿನವೂ ಇರಬೇಕು, ಮನೆಯವರೂ ಕಲಿಯಬೇಕು. ಕೆಲವು ತಿಂಗಳ ನಂತರ, ಎದುರಿಗಿಲ್ಲದ ವಸ್ತುವನ್ನು, ನಿನ್ನೆ ನಡೆದದ್ದನ್ನು ಅವಳು ಹೇಳುತ್ತಿದ್ದಾಳೆಯೇ ನೋಡಿ. ಹೆಸರುಗಳ ಪಟ್ಟಿಯಷ್ಟೇ ಬೆಳೆಯುತ್ತಿದ್ದರೆ ಭಾಷೆ ಸಾಕಷ್ಟು ಸಿಗುತ್ತಿಲ್ಲ ಎಂದರ್ಥ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಗು ಗೊಂದಲಗೊಂಡು ಮಾತು ನಿಲ್ಲಿಸುತ್ತದೆಯೇ? – ಮೂಡಿಗೆರೆ

ಇಲ್ಲ. ತುಳು ಬಿಡಬೇಡಿ.

ಮೂರು ವರ್ಷದ ಮೊಮ್ಮಗ ಮಾತನಾಡುವುದಿಲ್ಲ. ನಾಲಿಗೆಗೆ ಬಜೆ ತೇದು ಹಚ್ಚುತ್ತಿದ್ದೇವೆ, ಎಷ್ಟು ದಿನ ಮುಂದುವರಿಸಬೇಕು? – ಅರಸೀಕೆರೆ

ಇವತ್ತೇ ನಿಲ್ಲಿಸಿ. ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ, ಅವನಿಗೆ ಮೂರು ವರ್ಷ ಆಗಿಹೋಗಿದೆ.