ಕಳೆದುಹೋದ ತಮ್ಮನ ಫೋಟೋ, ನಾವು ಬೆಳೆಸಿದ ಮುಖ

ಪ್ರಶ್ನೆ: ನನ್ನ ತಮ್ಮ 5 ವರ್ಷದವನಿದ್ದಾಗ ಕಳೆದುಹೋದ. ಈಗ 21 ವರ್ಷವಾಯ್ತು. ಇರೋದು ಒಂದೇ ಫೋಟೋ. ಫೇಸ್‌ಬುಕ್‌ನಲ್ಲಿ ಒಬ್ಬರನ್ನು ನೋಡಿದರೆ ಅವನೇ ಅನ್ನಿಸುತ್ತೆ. ಹಳೇ ಫೋಟೋವನ್ನು ಈಗಿನ ವಯಸ್ಸಿಗೆ ಬೆಳೆಸಿ ಹೋಲಿಸಿ ನೋಡಬೇಕು. ಯಾರ ಹತ್ತಿರ ಮಾಡಿಸಲಿ?

ಯಾರ ಹತ್ತಿರವೂ ಮಾಡಿಸಬೇಡಿ. ನಾನು ಮಾಡಿಸಿದ್ದೆ.

ನನ್ನ ತಮ್ಮ 1996ರಲ್ಲಿ ಅರಸೀಕೆರೆ ರೈಲ್ವೆ ಸ್ಟೇಷನ್‌ನಲ್ಲಿ ತಪ್ಪಿಸಿಕೊಂಡ. ಅವನಿಗೆ 6, ನನಗೆ 9. ಅಪ್ಪ ನೀರು ಹಿಡಿಯಲು ಇಳಿದಾಗ ಅವನೂ ಹಿಂದೆ ಇಳಿದಿದ್ದಾನೆ. ಅಪ್ಪ ವಾಪಸ್ ಹತ್ತಿದರು, ಅವನು ಹತ್ತಲಿಲ್ಲ. ನಮ್ಮ ಹತ್ತಿರ ಉಳಿದದ್ದು ಒಂದನೇ ಕ್ಲಾಸಿನ ಗ್ರೂಪ್ ಫೋಟೋ. ಅದರಲ್ಲಿ ಅವನ ಮುಖ ಕಡಲೆಕಾಳಿನಷ್ಟು ದೊಡ್ಡದಿದೆ. ಬಿಸಿಲಿಗೆ ಕಣ್ಣು ಅರ್ಧ ಮುಚ್ಚಿದ್ದಾನೆ.

2019ರಲ್ಲಿ ಪರಿಚಯದ ಒಬ್ಬ ಡಿಸೈನರ್, ಈ ಮುಖವನ್ನು 29 ವರ್ಷಕ್ಕೆ ಬೆಳೆಸಿಕೊಡುತ್ತೇನೆ ಅಂದರು. ಮನೆಯವರ ಫೋಟೋ ಇದ್ದರೆ ಕೊಡಿ, ಸಹಾಯವಾಗುತ್ತೆ ಅಂದರು. ನಾನು 29 ವರ್ಷದವನಿದ್ದಾಗಿನ ನನ್ನ ಫೋಟೋ ಮತ್ತು ಅಪ್ಪನ ಮದುವೆ ಫೋಟೋ ಕೊಟ್ಟೆ. ನಾಲ್ಕು ದಿನದಲ್ಲಿ ಚಿತ್ರ ಬಂತು. ಅಮ್ಮ ನೋಡಿದ ತಕ್ಷಣ ಅತ್ತರು. ನನಗೂ ಅವನೇ ಎದುರಿಗೆ ಕೂತ ಹಾಗಾಯ್ತು.

ನನ್ನ ತಪ್ಪು ಇಲ್ಲೇ ಆಯಿತು. ಡಿಸೈನರ್ ತಪ್ಪು ಮಾಡಲಿಲ್ಲ. ಅಮೆರಿಕದಲ್ಲಿ ಕಳೆದುಹೋದ ಮಕ್ಕಳನ್ನು ಹುಡುಕುವ ರಾಷ್ಟ್ರೀಯ ಕೇಂದ್ರದ ಕಲಾವಿದರೂ ಅಪ್ಪ, ಅಮ್ಮ, ಒಡಹುಟ್ಟಿದವರ ಫೋಟೋ ಇಟ್ಟುಕೊಂಡೇ ಚಿತ್ರ ಬೆಳೆಸುತ್ತಾರೆ. ಬೇರೆ ದಾರಿ ಇಲ್ಲ. ಯಾಕಂದ್ರೆ 6 ವರ್ಷದ ಮುಖದಲ್ಲಿ ದೊಡ್ಡವನ ಮುಖದ ಸುಳಿವು ತುಂಬಾ ಕಡಿಮೆ. ಆ ವಯಸ್ಸಿಗೆ ತಲೆಬುರುಡೆಯ ಮೇಲ್ಭಾಗ ಹೆಚ್ಚುಕಡಿಮೆ ಬೆಳೆದು ಮುಗಿದಿರುತ್ತೆ, ಕಣ್ಣುಗುಡ್ಡೆಯೂ ಅಷ್ಟೇ. ಮಕ್ಕಳ ಕಣ್ಣು ದೊಡ್ಡದಾಗಿ ಕಾಣೋದು ಅದಕ್ಕೇ. ಆದರೆ ಮೂಗಿನ ಸೇತುವೆ ಇನ್ನೂ ಎದ್ದಿರಲ್ಲ. ಹಾಲುಹಲ್ಲೆಲ್ಲ ಬಿದ್ದು ಹೊಸ ಹಲ್ಲು ಬಂದು ಮುಗಿಯಲು ಇನ್ನೂ ಆರೇಳು ವರ್ಷ ಬೇಕು. ಎಲ್ಲಕ್ಕಿಂತ ಕೊನೆಗೆ ಬೆಳೆಯೋದು ಕೆಳದವಡೆ, ಗಂಡುಹುಡುಗರಲ್ಲಿ 18, 20ರವರೆಗೂ. ಅಂದರೆ ಮೂಗು, ತುಟಿ, ಗದ್ದ, ಮುಖದ ಉದ್ದ, ನಾವು ಒಬ್ಬರನ್ನು ಗುರುತಿಸಲು ನೆಚ್ಚುವುದೆಲ್ಲ ಇನ್ನೂ ಆಗಬೇಕಿರುತ್ತೆ. ಆ ಜಾಗ ತುಂಬಲು ಕಲಾವಿದ ಮನೆಯವರ ಮುಖದಿಂದ ಸಾಲ ತರುತ್ತಾನೆ.

ನಮ್ಮ ಚಿತ್ರದಲ್ಲಿ ತಮ್ಮನದು ಅಂತ ಇದ್ದದ್ದು ಹುಬ್ಬು, ಕಿವಿ, ಕಣ್ಣಿನ ಅಂತರ. ಅದೂ ಕಡಲೆಕಾಳಿನಷ್ಟು ಮುಖದಿಂದ ಎತ್ತಿದ್ದು. ಸ್ಕ್ಯಾನ್ ಮಾಡಿ ಎಷ್ಟು ದೊಡ್ಡದು ಮಾಡಿದರೂ ಕಾಗದದ ಕಣ ಕಾಣಿಸುತ್ತೆ ಹೊರತು ಮುಖ ಜಾಸ್ತಿ ಆಗಲ್ಲ. ಉಳಿದದ್ದೆಲ್ಲ ನನ್ನ ಮೂಗು, ಅಪ್ಪನ ದವಡೆ. ಅಮ್ಮ ಅತ್ತದ್ದು ಅಪ್ಪನ ದವಡೆ ನೋಡಿ. ನಾನು ಅವನೇ ಅಂದದ್ದು ನನ್ನನ್ನೇ ನೋಡಿ. ಇದು ನನಗೆ ಹೊಳೆದದ್ದು ಎರಡು ವರ್ಷದ ನಂತರ, ಕನ್ನಡಿ ಮುಂದೆ ಗಡ್ಡ ಹೆರೆಯುವಾಗ. ನಗಬೇಡಿ.

ಚಿತ್ರವನ್ನು ವಾಟ್ಸಾಪ್‌ನಲ್ಲಿ ಬಿಟ್ಟೆವು. ಎರಡು ತಿಂಗಳಲ್ಲಿ 11 ಕರೆ ಬಂದವು. ಬೆಳೆಸಿದ ಚಿತ್ರ ಕೊಟ್ಟರೆ ‘ಇವನೇ ಇರಬಹುದು’ ಅನ್ನಿಸುವವರ ಸಂಖ್ಯೆ ಹೆಚ್ಚಿ, ಗುರುತಿಸುವುದೇ ಕೆಡಬಹುದು ಎಂದು 2012ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಬರೆದಿದ್ದಾರೆ. ಅದನ್ನು ಓದುವ ಹೊತ್ತಿಗೆ ನನ್ನ ಕಥೆ ಮುಗಿದಿತ್ತು.

11ರಲ್ಲಿ ಒಬ್ಬರು ಮೀರಜ್‌ನಲ್ಲಿ ಹೋಟೆಲ್ ಕೆಲಸ ಮಾಡುವವರು. ರೈಲಿನಲ್ಲಿ ಸಿಕ್ಕ ಮಗು ಎಂದು ಅವರನ್ನು ಯಾರೋ ಸಾಕಿದ್ದರಂತೆ. ಚಿತ್ರಕ್ಕೆ ಅಚ್ಚು ಹೊಯ್ದ ಹಾಗಿದ್ದರು. ನಾನು ಅವರನ್ನು ಕೂರಿಸಿಕೊಂಡು ಬಾವಿ, ಅಜ್ಜಿ, ಅರಸೀಕೆರೆ ಎಲ್ಲಾ ನಾನೇ ಹೇಳಿಬಿಟ್ಟೆ. ಮೂರನೇ ದಿನ ಅವರಿಗೂ ಬಾವಿ ನೆನಪಾಯಿತು. ಸುಳ್ಳು ಹೇಳಿದರು ಅಂತ ನಾನು ಅನ್ನಲ್ಲ. ಪಾಪ, ಅವರಿಗೂ ಒಂದು ಮನೆ ಬೇಕಿತ್ತು.

ಒಂದು ವಿಷಯ ಮಾತ್ರ ಹೊಂದಲಿಲ್ಲ. ಗ್ರೂಪ್ ಫೋಟೋದಲ್ಲಿ ತಮ್ಮನ ಕಿವಿಯ ಹಾಲೆ ಕೆನ್ನೆಗೆ ಅಂಟಿದ ಹಾಗೆ ಕಾಣುತ್ತದೆ. ಇವರದು ಬಿಡಿಬಿಡಿಯಾಗಿ ತೂಗುತ್ತಿತ್ತು. ವಯಸ್ಸಾದಂತೆ ಕಿವಿ ಬೆಳೆಯುತ್ತೆ ಅಲ್ವಾ ಅಂತ ನಾನೇ ಸಮಾಧಾನ ಹೇಳಿಕೊಂಡೆ. ಕಿವಿ ದೊಡ್ಡದಾಗುತ್ತೆ, ನಿಜ. ಆದರೆ ಅದರ ಮಡಿಕೆಗಳ ವಿನ್ಯಾಸ ಹೆಚ್ಚು ಬದಲಾಗಲ್ಲ. 1997ರಲ್ಲಿ ಫ್ರಾನ್ಸ್‌ನ ಫ್ರೆಡರಿಕ್ ಬೂರ್ಡನ್ ಎಂಬ 23 ವರ್ಷದವನು, ಟೆಕ್ಸಾಸ್‌ನಲ್ಲಿ ಕಳೆದುಹೋಗಿದ್ದ ಹುಡುಗ ನಾನೇ ಎಂದು ಆ ಮನೆ ಸೇರಿದ್ದ. ಹುಡುಗನ ಕಣ್ಣು ನೀಲಿ, ಇವನದು ಕಂದು. ಮನೆಯವರು ಅದನ್ನೂ ಒಪ್ಪಿಕೊಂಡಿದ್ದರು! ಅನುಮಾನ ಪಟ್ಟ ಖಾಸಗಿ ಪತ್ತೇದಾರ ನೋಡಿದ್ದು ಎರಡು ಫೋಟೋಗಳ ಕಿವಿಯನ್ನು. ಹಾಗಂತ ನಿಮ್ಮ ಫೋಟೋದಲ್ಲಿ ಕಿವಿ ಹೊಂದಿದರೆ ಅವನೇ ಅಂತ ಆಗಲ್ಲ. ಹೊಂದದಿದ್ದರೆ ಮಾತ್ರ ನಿಲ್ಲಿ.

ಆರು ತಿಂಗಳು ಮೀರಜ್‌ನವರು ನಮ್ಮ ಮನೆಯಲ್ಲಿದ್ದರು. ಆಮೇಲೆ ಪಡಿತರ ಚೀಟಿಗೆ ಹೆಸರು ಸೇರಿಸುವ ಮಾತು ಬಂದಾಗ ಮಾವ ಹಟ ಹಿಡಿದು ಡಿಎನ್‌ಎ ಮಾಡಿಸಿದರು. ಮಗು ಡಿಎನ್‌ಎಯ ಪ್ರತಿ ಜಾಗದಲ್ಲೂ ಒಂದು ಅಂಶವನ್ನು ತಾಯಿಯಿಂದ ಪಡೆದಿರಲೇಬೇಕು. ನೋಡಿದ ಇಪ್ಪತ್ತು ಚಿಲ್ಲರೆ ಜಾಗಗಳಲ್ಲಿ ಏಳು ಕಡೆ ಅಮ್ಮನದು ಇವರಲ್ಲಿ ಇರಲೇ ಇಲ್ಲ. ಒಂದು ಕಡೆ ತಪ್ಪಿದರೆ ಹುಟ್ಟಿನಲ್ಲಾದ ಬದಲಾವಣೆ ಎನ್ನಬಹುದು. ಏಳು ಅಂದರೆ ಮಾತೇ ಇಲ್ಲ. ಅವರು ಮರುದಿನವೇ ಹೊರಟರು. ಅಮ್ಮ ಬಸ್‌ಸ್ಟ್ಯಾಂಡ್‌ವರೆಗೂ ಹೋಗಿ ರೊಟ್ಟಿ ಕಟ್ಟಿಕೊಟ್ಟರು.

ಇದಕ್ಕಿಂತ ಜಾಸ್ತಿ ನನ್ನನ್ನು ಕೊರೆಯೋದು ನಾಲ್ಕನೇ ಕರೆ. ದಾವಣಗೆರೆ ಕಡೆಯವರು. ಸ್ಟೇಷನ್‌ನಲ್ಲಿ ಅಪ್ಪನ ಕೈಯಲ್ಲಿ ಹಿತ್ತಾಳೆ ಕೂಜ ಇತ್ತು ಅಂದರು. ಕೂಜದ ವಿಷಯ ನಾವು ಎಲ್ಲೂ ಬರೆದಿರಲಿಲ್ಲ. ಆದರೆ ಕಳಿಸಿದ ಫೋಟೋದಲ್ಲಿ ಮುಖ ಗುಂಡಗಿತ್ತು, ಮೂಗು ಚಪ್ಪಟೆ. ಅಮ್ಮನ ಅಣ್ಣಂದಿರ ಮುಖ ಹಾಗೇ ಇದೆ ಎಂದು ನನಗೆ ಅವತ್ತು ಹೊಳೆಯಲಿಲ್ಲ. ಡಿಸೈನರ್‌ಗೆ ಮಾವಂದಿರ ಫೋಟೋ ಕೊಟ್ಟಿರಲಿಲ್ಲವಲ್ಲ. ‘ಮುಖ ಹೊಂದುತ್ತಿಲ್ಲ, ಸಾರಿ’ ಎಂದು ಮೆಸೇಜ್ ಹಾಕಿ ಬ್ಲಾಕ್ ಮಾಡಿದೆ. ಈಗ ಆ ನಂಬರ್ ಬೇರೆ ಯಾರದೋ ಆಗಿದೆ. ಮೂರು ಸಲ ಕರೆ ಮಾಡಿ ಬೈಸಿಕೊಂಡಿದ್ದೇನೆ.

ಕಂಪ್ಯೂಟರ್‌ಗೆ ಕೊಟ್ಟು ಹೋಲಿಸೋಣ ಅಂತಲೂ ಹೋಗಬೇಡಿ. ದಿಲ್ಲಿ ಪೊಲೀಸರು ಕಾಣೆಯಾದ ಮಕ್ಕಳಿಗಾಗಿ ಬಳಸಿದ ಮುಖ ಗುರುತಿಸುವ ವ್ಯವಸ್ಥೆಯ ನಿಖರತೆ ಶೇ 2 ಎಂದು 2018ರಲ್ಲಿ ಅಲ್ಲಿನ ಹೈಕೋರ್ಟ್‌ಗೆ ಹೇಳಲಾಗಿತ್ತು.

ನಿಮ್ಮ ತಾಯಿ ಇದ್ದಾರಾ? ಇದ್ದರೆ ಮೊದಲು ಅವರ ಸ್ಯಾಂಪಲ್ ಲ್ಯಾಬಿನಲ್ಲಿ ಕೊಟ್ಟು ರಿಪೋರ್ಟ್ ಇಟ್ಟುಕೊಳ್ಳಿ. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿದರೆ ಸಾಕು. ನೀವು ಗಂಡಸಾಗಿದ್ದರೆ ನಿಮ್ಮ ವೈ ಕ್ರೋಮೋಸೋಮನ್ನೂ ನೋಡಿಸಿ. ಒಂದೇ ಅಪ್ಪನ ಗಂಡುಮಕ್ಕಳಲ್ಲಿ ಅದು ಒಂದೇ ಇರುತ್ತೆ. ಹಲವು ಕಡೆ ತಪ್ಪಿದರೆ ಒಂದೇ ಅಪ್ಪನ ಮಕ್ಕಳಲ್ಲ ಎಂದು ಗೊತ್ತಾಗುತ್ತೆ. ಹೊಂದಿದರೆ ತಮ್ಮ ಎಂದೇ ಹೇಳಲಾಗದು, ಚಿಕ್ಕಪ್ಪನ ಮಗನದೂ ಹಾಗೇ ಇರುತ್ತೆ.

ಫೇಸ್‌ಬುಕ್‌ನಲ್ಲಿ ಕಂಡವರಿಗೆ ಬರೆಯಿರಿ. ಆದರೆ ಹಳೇ ಫೋಟೋ ಕಳಿಸಬೇಡಿ, ನಿಮ್ಮ ಊರು, ಮನೆ, ಕಥೆ ಏನೂ ಹೇಳಬೇಡಿ. ಚಿಕ್ಕಂದಿನದು ಏನು ನೆನಪಿದೆ ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ತಾರೀಖು ಹಾಕಿ ಬರೆದಿಡಿ. ಅವರು ಒಪ್ಪಿದರೆ ಟೆಸ್ಟ್‌ಗೆ ಕೇಳಿ. ಮುಖ ನಿಮ್ಮ ಮನೆಯವರ ಹಾಗಿಲ್ಲ ಎಂದು ಅನ್ನಿಸಿದರೂ ಕೇಳಿ, ಮತ್ತು ದಯವಿಟ್ಟು ಆ ನಂಬರನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ.